ಶೇ. 68 ಬಿಲ್‌ಗಳು ತಾವಾಗಿಯೇ ಪಾಸ್, ಖರ್ಚು ಮಾತ್ರ ಅಲ್ಲೇ

ಹಣಕಾಸು ಮುಖ್ಯಸ್ಥರ ಮೇಜಿಗೆ ಒಂದೇ ದಿನ ಎರಡು ಕಾಗದ ಬಂದವು. ಒಂದು, ಬಿಲ್ ಪಾವತಿಗೆಂದು ಹಾಕಿಸಿದ್ದ ಹೊಸ ಸಾಫ್ಟ್‌ವೇರ್‌ನ ಮೊದಲ ವರ್ಷದ ವರದಿ. ಅದರ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಶೇ. 68 ಅಂತ ಇತ್ತು. ನೂರು ಬಿಲ್ ಬಂದರೆ 68 ಯಾರ ಕೈಯೂ ತಾಗದೆ ಪಾಸ್ ಆಗುತ್ತಿವೆ ಎಂದರ್ಥ. ಇನ್ನೊಂದು, ಅವರದೇ ವೆಚ್ಚ ಲೆಕ್ಕದವರು ಕಳಿಸಿದ ಹಾಳೆ. ಒಂದು ಬಿಲ್‌ಗೆ ತಗಲುತ್ತಿದ್ದ ಖರ್ಚು 6 ಯೂನಿಟ್ ಇದ್ದದ್ದು 5.9ಕ್ಕೆ ಇಳಿದಿದೆ ಅಂತ ಅದರಲ್ಲಿತ್ತು.

"ಮೂರರಲ್ಲಿ ಎರಡು ಪಾಲು ಕೆಲಸ ಯಂತ್ರ ಮಾಡ್ತಿದ್ರೆ ಖರ್ಚು ಯಾಕೆ ಅಲ್ಲೇ ಕೂತಿದೆ? ಇಬ್ಬರಲ್ಲಿ ಒಬ್ಬರ ಲೆಕ್ಕ ತಪ್ಪಿರಬೇಕು, ಅಲ್ವಾ?" ಅಂತ ಅವರು ಕೇಳಿದರು. ನನ್ನನ್ನು ಕರೆಸಿದ್ದು ಇದಕ್ಕೇ.

ಕೂಡಿಕೆ, ಭಾಗಾಕಾರದ ಮಟ್ಟಿಗೆ ಎರಡೂ ಲೆಕ್ಕ ಸರಿಯಿದ್ದವು. ಯಾವುದನ್ನು ಯಾವುದರಿಂದ ಭಾಗಿಸಿದ್ದಾರೆ ಅನ್ನುವುದರಲ್ಲಿ ಗಂಟು ಇತ್ತು. ಅದನ್ನು ಬಿಡಿಸಿದ ಬಗೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗಲಿ ಅಂತ ದುಂಡಾಗಿಸಿದ್ದೇನೆ. ಹಣವನ್ನು ಸುಮ್ನೆ ಯೂನಿಟ್ ಅಂತ ಕರೆದಿದ್ದೇನೆ, ಯಾವ ನಾಣ್ಯ ಅಂದುಕೊಂಡರೂ ಲೆಕ್ಕ ಬದಲಾಗುವುದಿಲ್ಲ.

ಮೊದಲಿನ ಸ್ಥಿತಿ

ಕಂಪನಿಗೆ ತಿಂಗಳಿಗೆ 10,000 ಬಿಲ್ ಬರುತ್ತಿದ್ದವು. ಸಾಫ್ಟ್‌ವೇರ್ ಬರುವ ಮುಂಚೆ ಪಾವತಿ ವಿಭಾಗದಲ್ಲಿ 12 ಜನ ಇದ್ದರು. ತಲಾ 4,000 ಯೂನಿಟ್‌ನಂತೆ ಅವರ ಸಂಬಳ 48,000. ಹಳೆಯ ಲೆಕ್ಕಪತ್ರ ತಂತ್ರಾಂಶ, ಸ್ಕ್ಯಾನಿಂಗ್, ಕಡತ ಇಡುವ ಖರ್ಚು 7,000. ಮೇಲ್ವಿಚಾರಣೆ, ಕಚೇರಿ ಜಾಗ ಇತ್ಯಾದಿಯ ಪಾಲು 5,000. ಒಟ್ಟು 60,000. ಬಿಲ್‌ಗೆ 6 ಯೂನಿಟ್.

ಒಂದು ವರ್ಷದ ನಂತರ ಇಬ್ಬರು ಕಡಿಮೆಯಾಗಿ 10 ಜನ ಉಳಿದರು. ಸಂಬಳ 40,000ಕ್ಕೆ ಇಳಿಯಿತು. ಆದರೆ ತಂತ್ರಾಂಶದ ಖರ್ಚು 7,000ದಿಂದ 14,000ಕ್ಕೆ ಏರಿತು. ಮೇಲ್ವಿಚಾರಣೆಯ 5,000 ಹಾಗೆಯೇ ಇತ್ತು. ಒಟ್ಟು 59,000, ಬಿಲ್‌ಗೆ 5.9. ಹಾಳೆಯಲ್ಲಿದ್ದ ಅಂಕಿ ಇದೇ.

ಬಿಲ್ ಹೋಗುವ ದಾರಿಯನ್ನೂ ಒಮ್ಮೆ ಹೇಳಿಬಿಡುತ್ತೇನೆ. ಬಿಲ್ ಬಂದ ಕೂಡಲೇ ಸಾಫ್ಟ್‌ವೇರ್ ಅದರ ಮೇಲಿನ ಅಂಕಿ, ಅಕ್ಷರಗಳನ್ನು ಓದುತ್ತದೆ. ಓದಿದ್ದು ಅನುಮಾನ ಅನ್ನಿಸಿದರೆ ಒಬ್ಬ ಗುಮಾಸ್ತರ ಪರದೆಗೆ ಕಳಿಸುತ್ತದೆ. ಆಮೇಲೆ ತಾಳೆ. ಪರ್ಚೇಸ್ ಆರ್ಡರ್‌ನಲ್ಲಿ ಒಪ್ಪಿದ ಬೆಲೆ, ಗೋದಾಮಿನವರು ಹಾಕಿದ ಸರಕು ಸ್ವೀಕೃತಿ, ಬಿಲ್, ಈ ಮೂರೂ ಕೂಡಿಬಂದರೆ ಬಿಲ್ ಪಾವತಿಯ ಸಾಲಿಗೆ ಹೋಗುತ್ತದೆ. ಕೂಡಿಬರದಿದ್ದರೆ ತಕರಾರಿನ ಪಟ್ಟಿಗೆ. ಎಲ್ಲೂ ಮನುಷ್ಯರ ಕೈ ತಾಗದೆ ಕೊನೆ ತಲುಪಿದರೆ ಅದು ಸ್ಟ್ರೈಟ್-ಥ್ರೂ ಬಿಲ್. ಆ ವಿಭಾಗದವರು ಅದನ್ನು "ನೇರ ಪಾಸ್" ಅನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ಶೇ. 68 ಯಾವುದರಲ್ಲಿ?

ನಾನು ಕೇಳಿದ ಮೊದಲ ಪ್ರಶ್ನೆ ಇದು. ಉತ್ತರ ಸಾಫ್ಟ್‌ವೇರ್‌ನ ಸೆಟ್ಟಿಂಗ್ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿತ್ತು. ತಾಳೆಯ ಹಂತಕ್ಕೆ ಬಂದ ಬಿಲ್‌ಗಳಲ್ಲಿ ಮೊದಲ ಸಲಕ್ಕೋ, ಆಮೇಲೆ ಮತ್ತೆ ನೋಡಿದಾಗಲೋ ತಾನಾಗಿ ತಾಳೆಯಾದವು ಎಷ್ಟು? ವರದಿ ಎಣಿಸುತ್ತಿದ್ದದ್ದು ಇಷ್ಟನ್ನೇ.

ಬಂದ 10,000ದಲ್ಲಿ ತಾಳೆಯ ಹಂತಕ್ಕೆ ಹೋಗುತ್ತಿದ್ದದ್ದು 7,500 ಮಾತ್ರ. ಆರ್ಡರ್ ನಂಬರ್ ಇಲ್ಲ ಅಂತ 700 ಬಿಲ್ ಬಾಗಿಲಲ್ಲೇ ವಾಪಸ್ ಹೋಗುತ್ತಿದ್ದವು. ಇನ್ನೂ 1,800 ಬಿಲ್‌ಗಳಿಗೆ ಆರ್ಡರ್ ಅನ್ನುವುದೇ ಇರಲಿಲ್ಲ. ಬಾಡಿಗೆ, ಫೋನ್, ವಿದ್ಯುತ್, ವಕೀಲರ ಫೀಸು, ಹೀಗೆ. ಅವು ತಾಳೆಗೆ ಹೋಗದೆ ನೇರವಾಗಿ ಆಯಾ ವಿಭಾಗದ ಮ್ಯಾನೇಜರ್ ಮಂಜೂರಾತಿಗೆ ಹೋಗುತ್ತಿದ್ದವು. ಈ 2,500 ಬಿಲ್‌ಗಳಲ್ಲಿ ಪ್ರತಿಯೊಂದಕ್ಕೂ ಮನುಷ್ಯರ ಕೈ ಬೇಕೇ ಬೇಕು. ಆದರೆ ಭಾಗಾಕಾರದ ಕೆಳಗಿನ ಸಂಖ್ಯೆಯಲ್ಲಿ ಅವು ಇರಲೇ ಇಲ್ಲ.

7,500ರಲ್ಲಿ ಶೇ. 68 ಅಂದರೆ 5,100. ಇವಾದರೂ ನಿಜವಾಗಿ ಕೈ ತಾಗದವೇ? ಅದಕ್ಕೆ ಪ್ರತಿ ಬಿಲ್‌ನ ಹೆಜ್ಜೆಗುರುತು ನೋಡಬೇಕು. ಇಂಥ ಸಾಫ್ಟ್‌ವೇರ್‌ಗಳಲ್ಲಿ ಸಾಮಾನ್ಯವಾಗಿ ಒಂದು ಘಟನಾ ದಾಖಲೆ ಇರುತ್ತದೆ. ಯಾವ ಬಿಲ್‌ಗೆ, ಎಷ್ಟು ಹೊತ್ತಿಗೆ, ಯಾವ ಬಳಕೆದಾರ ಏನು ಮಾಡಿದ ಅನ್ನುವುದು ಅದರಲ್ಲಿ ಸಾಲುಸಾಲಾಗಿ ಸಿಗುತ್ತದೆ. ಯಂತ್ರಕ್ಕೂ ಅಲ್ಲಿ ಒಂದು ಬಳಕೆದಾರ ಹೆಸರಿರುತ್ತದೆ. ಯಂತ್ರದ ಹೆಸರಿನ ಸಾಲುಗಳನ್ನು ಬಿಟ್ಟು, ಮನುಷ್ಯರ ಹೆಸರಿನ ಒಂದು ಸಾಲೂ ಇಲ್ಲದೆ ಪಾಸ್ ಆದ ಬಿಲ್‌ಗಳನ್ನು ಎಣಿಸಿದರಾಯಿತು. ನಾವು ಓಡಿಸಿದ್ದು ಹೆಚ್ಚುಕಮ್ಮಿ ಹೀಗಿತ್ತು:

```sql
SELECT 100.0 * SUM(CASE WHEN touches = 0 AND status = 'PASSED' THEN 1 ELSE 0 END)
       / COUNT(*) AS stp_rate
FROM (
  SELECT i.invoice_id, i.status, COUNT(e.event_id) AS touches
  FROM invoices i
  LEFT JOIN events e
    ON e.invoice_id = i.invoice_id
   AND e.user_type = 'HUMAN'
  WHERE i.received_month = :month
  GROUP BY i.invoice_id, i.status
) t;
```

ಇದರಲ್ಲಿ ಗಮನಿಸಬೇಕಾದದ್ದು `received_month`. ಬಿಲ್ ಪಾಸ್ ಆದ ತಿಂಗಳಲ್ಲ, ಬಂದ ತಿಂಗಳು. ಪಾಸ್ ಆದ ತಿಂಗಳಿಂದ ಎಣಿಸಿದರೆ ಎಲ್ಲೋ ಸಿಕ್ಕಿಕೊಂಡು ಕೂತ ಬಿಲ್‌ಗಳು ಲೆಕ್ಕದಿಂದಲೇ ತಪ್ಪಿಸಿಕೊಳ್ಳುತ್ತವೆ. ತೊಂದರೆ ಇರುವುದು ಅವುಗಳಲ್ಲೇ. ಹಾಗಾಗಿ ಒಂದು ತಿಂಗಳಲ್ಲಿ ಬಂದ ಎಲ್ಲ ಬಿಲ್‌ಗಳನ್ನು ಒಂದು ಗುಂಪಾಗಿ ಹಿಡಿದು, 45 ದಿನ ಕಾದು, ಆಮೇಲೆ ಎಣಿಸಿದೆವು.

5,100ರಲ್ಲಿ 1,150 ಬಿಲ್‌ಗಳಿಗೆ ಓದುವ ಹಂತದಲ್ಲೇ ಗುಮಾಸ್ತರ ಕೈ ತಾಗಿತ್ತು. ದಿನಾಂಕ ತಿದ್ದಿದ್ದು, ತೆರಿಗೆ ಮೊತ್ತ ತಿದ್ದಿದ್ದು, ಪೂರೈಕೆದಾರರ ಹೆಸರು ಆರಿಸಿದ್ದು. ತಿದ್ದಿದ ಮೇಲೆ ತಾಳೆ ತಾನಾಗಿ ಆಯಿತು ನಿಜ. ವರದಿಗೆ ಅಷ್ಟೇ ಸಾಕಾಗಿತ್ತು.

ಇನ್ನೂ 650 ಬಿಲ್‌ಗಳು ಸ್ವಲ್ಪ ಜಾಣ ಬಿಲ್‌ಗಳು. ಅವುಗಳ ದಾಖಲೆಯಲ್ಲಿ ಮನುಷ್ಯರ ಹೆಸರೇ ಇರಲಿಲ್ಲ, ನನ್ನ ಎಣಿಕೆಯನ್ನೂ ಅವು ದಾಟಿದ್ದವು. ಆದರೆ ತಾಳೆಗೆ ಬಂದು ನಾಲ್ಕೈದು ದಿನ ಸುಮ್ಮನೆ ನಿಂತು, ಆಮೇಲೆ ಒಂದು ರಾತ್ರಿ ತಟ್ಟನೆ ಪಾಸ್ ಆಗಿದ್ದವು. ಯಾಕೆ ಅಂತ ವಿಭಾಗದ ಹಿರಿಯ ಗುಮಾಸ್ತೆಯನ್ನು ಕೇಳಿದೆ. ಅವರು ನಕ್ಕರು. "ಸರ್, ಸರಕು ಬಂದಿರುತ್ತೆ, ಗೋದಾಮಿನವರು ಎಂಟ್ರಿ ಹಾಕಿರೋದಿಲ್ಲ. ನಾವು ಮೇಲ್ ಹಾಕ್ತೀವಿ, ಫೋನ್ ಮಾಡ್ತೀವಿ. ಅವರು ಎಂಟ್ರಿ ಹಾಕಿದ ರಾತ್ರಿ ಸಿಸ್ಟಂ ತಾನೇ ಪಾಸ್ ಮಾಡತ್ತೆ." ಆ ಫೋನು, ಮೇಲು ಯಾವುದೂ ಸಾಫ್ಟ್‌ವೇರ್‌ಗೆ ಕಾಣುವುದಿಲ್ಲ. ವಿಭಾಗದ ಹಂಚಿಕೆಯ ಮೇಲ್‌ಪೆಟ್ಟಿಗೆಯಲ್ಲಿ ಬಿಲ್ ನಂಬರ್ ಹುಡುಕಿ ಈ 650ನ್ನು ಹೊರಗೆಳೆದೆವು.

5,100ರಿಂದ 1,150 ಮತ್ತು 650 ಕಳೆದರೆ 3,300. ಬಂದ ಬಿಲ್‌ಗಳು 10,000. ನಿಜವಾದ ನೇರ ಪಾಸ್ ಶೇ. 33.

ಸಾಫ್ಟ್‌ವೇರ್ ಕಂಪನಿಯವರನ್ನು ಇಲ್ಲಿ ಬೈಯುವ ಉದ್ದೇಶ ನನಗಿಲ್ಲ. ತಮ್ಮ ತಾಳೆ ಯಂತ್ರ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಅನ್ನುವುದನ್ನು ಅವರು ಅಳೆದಿದ್ದರು. ಅದಕ್ಕೆ ಶೇ. 68 ಸರಿಯಾದ ಉತ್ತರವೇ. ಕೊಳ್ಳುವವರು ಅದನ್ನು ಬೇರೆ ಪ್ರಶ್ನೆಗೆ ಉತ್ತರ ಅಂತ ಓದಿಕೊಂಡರು.

ಶೇ. 33 ಆದರೂ ಖರ್ಚು ಮೂರನೇ ಒಂದು ಪಾಲು ಇಳಿಯಬೇಕಿತ್ತಲ್ಲ?

ಮುಖ್ಯಸ್ಥರ ಮುಂದಿನ ಪ್ರಶ್ನೆ ಇದೇ ಆಗಿತ್ತು. ನ್ಯಾಯವಾದದ್ದೇ. ಇದಕ್ಕೆ ಉತ್ತರ ಬಿಲ್‌ಗಳ ಎಣಿಕೆಯಲ್ಲಿ ಸಿಗುವುದಿಲ್ಲ, ನಿಮಿಷಗಳಲ್ಲಿ ಸಿಗುತ್ತದೆ.

ಒಬ್ಬ ಗುಮಾಸ್ತರಿಗೆ ತಿಂಗಳಿಗೆ ಬಿಲ್ ಕೆಲಸಕ್ಕೆ ಸಿಗುವ ಸಮಯ ಸುಮಾರು 8,000 ನಿಮಿಷ ಅಂತ ಇಟ್ಟುಕೊಂಡೆವು. 12 ಜನಕ್ಕೆ 96,000 ನಿಮಿಷ. ಬಿಲ್‌ಗೆ ಸರಾಸರಿ 9.6 ನಿಮಿಷ. ಆದರೆ ಈ ಸರಾಸರಿಯ ಹೊಟ್ಟೆಯೊಳಗೆ ಎರಡು ಬೇರೆಬೇರೆ ಜಾತಿಯ ಬಿಲ್‌ಗಳಿವೆ. ಕಂಪನಿಯ ಒಂದು ಸಣ್ಣ ಶಾಖೆಗೆ ಹೊಸ ಸಾಫ್ಟ್‌ವೇರ್ ಇನ್ನೂ ಹೋಗಿರಲಿಲ್ಲ. ಅಲ್ಲಿ ಎರಡು ವಾರ ಗಡಿಯಾರ ಹಿಡಿದು ಅಳೆದೆವು. ಆರ್ಡರ್ ಸರಿಯಾಗಿದ್ದು, ಸರಕು ಬಂದು ಎಂಟ್ರಿ ಆಗಿದ್ದು, ಬೆಲೆಯೂ ಕೂಡಿಬಂದ ಅಚ್ಚುಕಟ್ಟಾದ ಬಿಲ್‌ಗೆ ಹಳೆಯ ಪದ್ಧತಿಯಲ್ಲೂ 3 ನಿಮಿಷ ಸಾಕಾಗಿತ್ತು.

ಸಾಫ್ಟ್‌ವೇರ್ ನೇರವಾಗಿ ಪಾಸ್ ಮಾಡುವುದು ಇಂಥ ಬಿಲ್‌ಗಳನ್ನೇ. ಬೇರೆ ಜಾತಿಯವನ್ನು ಅದು ಪಾಸ್ ಮಾಡಲೂ ಬಾರದು. ಅಂದರೆ 3,300 ಬಿಲ್‌ಗಳಿಂದ ಉಳಿದ ಸಮಯ 9,900 ನಿಮಿಷ. ಮೊದಲಿನ 96,000ದಲ್ಲಿ ಇದು ಹತ್ತನೇ ಒಂದು ಪಾಲು. ಬಿಲ್ ಲೆಕ್ಕದಲ್ಲಿ ಮೂರನೇ ಒಂದು ಪಾಲು ಹೋಯಿತು, ಕೆಲಸದ ಲೆಕ್ಕದಲ್ಲಿ ಹತ್ತನೇ ಒಂದು ಪಾಲು ಮಾತ್ರ ಹೋಯಿತು. ಉಳಿದ 6,700 ಬಿಲ್‌ಗಳು ಸುಮಾರು 13 ನಿಮಿಷದಂತೆ ಮೊದಲಿನಿಂದಲೂ ಸಮಯ ತಿನ್ನುತ್ತಿದ್ದವು. ಅವುಗಳ ಹತ್ತಿರ ಸಾಫ್ಟ್‌ವೇರ್ ಹೆಚ್ಚಾಗಿ ಸುಳಿದೇ ಇರಲಿಲ್ಲ.

ಇಲ್ಲೊಂದು ಸಣ್ಣ ಲೆಕ್ಕ ಸಿಕ್ಕಿಹಾಕಿಕೊಂಡಿತು. 9,900 ನಿಮಿಷ ಅಂದರೆ ಒಬ್ಬರ ಕೆಲಸಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ಕಡಿಮೆಯಾದದ್ದು ಇಬ್ಬರು, ಅಂದರೆ 16,000 ನಿಮಿಷ. ಮಿಕ್ಕ 6,100 ಎಲ್ಲಿಂದ ಬಂತು?

ಆರ್ಡರ್ ಇಲ್ಲದ 1,800 ಬಿಲ್‌ಗಳಿಂದ. ಮುಂಚೆ ಆ ಬಿಲ್ ಯಾವ ಖಾತೆಗೆ ಹೋಗಬೇಕು ಅನ್ನುವುದನ್ನು ಪಾವತಿ ವಿಭಾಗದವರೇ ಬರೆಯುತ್ತಿದ್ದರು. ಅವರಿಗೆ ಖಾತೆ ಸಂಖ್ಯೆಗಳು ಬಾಯಿಪಾಠ, ಒಂದಕ್ಕೆ ಮೂರೂವರೆ ನಿಮಿಷವೂ ಹಿಡಿಯುತ್ತಿರಲಿಲ್ಲ. ಹೊಸ ಪದ್ಧತಿಯಲ್ಲಿ ಮಂಜೂರಾತಿ ಕೊಡುವ ಮ್ಯಾನೇಜರೇ ಪರದೆಯ ಮೇಲೆ ಖಾತೆ ಆರಿಸಬೇಕಿತ್ತು. ಅವರಿಗೆ ಅದು ಅಭ್ಯಾಸವಿಲ್ಲದ ಕೆಲಸ. ಆರು ಮ್ಯಾನೇಜರ್‌ಗಳ ಪಕ್ಕ ಕೂತು ಅಳೆದರೆ ಸರಾಸರಿ 6 ನಿಮಿಷ ಬಂತು. 1,800 ಬಿಲ್‌ಗೆ 10,800 ನಿಮಿಷ.

ಪಾವತಿ ವಿಭಾಗದಲ್ಲಿ 6,100 ನಿಮಿಷ ಉಳಿಸಲು ಬೇರೆ ವಿಭಾಗಗಳಲ್ಲಿ 10,800 ನಿಮಿಷ ಕಳೆದಂತಾಯಿತು. ಅದೂ ಜಾಸ್ತಿ ಸಂಬಳದವರ ನಿಮಿಷಗಳು. ಬಿಲ್‌ಗೆ 5.9 ಅನ್ನುವ ಅಂಕಿಯಲ್ಲಿ ಇದು ಎಲ್ಲೂ ಕಾಣುವುದಿಲ್ಲ, ಯಾಕೆಂದರೆ ಆ ಲೆಕ್ಕ ಪಾವತಿ ವಿಭಾಗದ ಗೋಡೆಯೊಳಗೇ ನಿಲ್ಲುತ್ತದೆ. ಮ್ಯಾನೇಜರ್‌ಗಳ ನಿಮಿಷ ಸೇರಿಸಿದರೆ ಇಡೀ ಕಂಪನಿಗೆ ಉಳಿದದ್ದು 5,200 ನಿಮಿಷ. ಒಬ್ಬರ ಪೂರ್ತಿ ಕೆಲಸವೂ ಅಲ್ಲ. ತಂತ್ರಾಂಶಕ್ಕೆ ಹೆಚ್ಚುವರಿಯಾಗಿ ಕೊಡುತ್ತಿದ್ದದ್ದು ತಿಂಗಳಿಗೆ 7,000 ಯೂನಿಟ್. ಅದರ ಪಕ್ಕ ಇದನ್ನು ಇಟ್ಟು ನೋಡಿದಾಗ ಮುಖ್ಯಸ್ಥರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸುಲಭದ ದಾರಿ, ಅದರ ಬೆಲೆ

ನೇರ ಪಾಸ್ ಪ್ರಮಾಣವನ್ನು ಒಂದೇ ಮಧ್ಯಾಹ್ನದಲ್ಲಿ ಏರಿಸುವ ವಿದ್ಯೆ ಒಂದಿದೆ. ಬೆಲೆ ವ್ಯತ್ಯಾಸದ ಮಿತಿಯನ್ನು ಸಡಿಲಿಸುವುದು. ಆಗ ಮಿತಿ ಶೇ. 1 ಇತ್ತು, ಅಂದರೆ ಬಿಲ್ ಮತ್ತು ಆರ್ಡರ್ ನಡುವೆ ಶೇ. 1ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ತಕರಾರು. ಅದನ್ನು ಶೇ. 5 ಮಾಡೋಣ ಅಂತ ಸಭೆಯಲ್ಲಿ ಒಬ್ಬರು ಹೇಳಿದರು. ಕೇಳಲು ಚೆನ್ನಾಗಿತ್ತು, ಹಾಗಾಗಿ ಲೆಕ್ಕ ಹಾಕಿ ನೋಡಿದೆವು.

ತಾಳೆಯಾಗದ 2,400 ಬಿಲ್‌ಗಳಲ್ಲಿ 900ಕ್ಕೆ ಬೆಲೆಯದೇ ತಕರಾರು. ಅದರಲ್ಲಿ 600 ಬಿಲ್‌ಗಳ ವ್ಯತ್ಯಾಸ ಶೇ. 5ರ ಒಳಗಿತ್ತು. ಮಿತಿ ಸಡಿಲಿಸಿದ ಕೂಡಲೇ ಅವೆಲ್ಲ ನೇರ ಪಾಸ್, ಪ್ರಮಾಣ ಶೇ. 33ರಿಂದ 39. ಬಿಲ್‌ಗೆ 12 ನಿಮಿಷದಂತೆ 7,200 ನಿಮಿಷ ಉಳಿತಾಯ. ಒಬ್ಬರ ಸಂಬಳದ ಹತ್ತರಲ್ಲಿ ಒಂಬತ್ತು ಪಾಲು, 3,600 ಯೂನಿಟ್.

ಇನ್ನೊಂದು ಕಡೆ ನೋಡಿ. ಆ 600ರಲ್ಲಿ 500 ಬಿಲ್‌ಗಳು ಒಪ್ಪಿದ್ದಕ್ಕಿಂತ ಜಾಸ್ತಿ ಕೇಳಿದ್ದವು. ಸರಾಸರಿ ಬಿಲ್ 400 ಯೂನಿಟ್, ಸರಾಸರಿ ವ್ಯತ್ಯಾಸ ಶೇ. 3, ಅಂದರೆ ಬಿಲ್‌ಗೆ 12 ಯೂನಿಟ್. ಎಲ್ಲವನ್ನೂ ಪ್ರಶ್ನಿಸದೆ ಕೊಟ್ಟರೆ ತಿಂಗಳಿಗೆ 6,000 ಯೂನಿಟ್ ಸೋರುತ್ತದೆ. ತಕರಾರು ಎತ್ತಿದರೂ ಎಲ್ಲ ವಾಪಸ್ ಬರುವುದಿಲ್ಲ, ಕೆಲವು ಕಡೆ ನಮ್ಮ ಆರ್ಡರಿನ ಬೆಲೆಯೇ ಹಳೆಯದಾಗಿರುತ್ತದೆ. ಹಾಗಿದ್ದರೂ ಈ ಸೋರಿಕೆ ಎರಡು ಅಳತೆಗಳಲ್ಲಿ ಒಂದರಲ್ಲೂ ಕಾಣುವುದಿಲ್ಲ ಅನ್ನುವುದೇ ನನಗೆ ಕಸಿವಿಸಿ. ನೇರ ಪಾಸ್ ಏರುತ್ತದೆ, ಬಿಲ್‌ಗೆ ತಗಲುವ ಖರ್ಚು ಇಳಿಯುತ್ತದೆ, ವರದಿ ಹಸಿರಾಗುತ್ತದೆ. ಹಣ ಹೋಗುವುದು ಸರಕಿನ ಖಾತೆಯಿಂದ.

ಕೊನೆಗೆ ಶೇಕಡಾವಾರು ಮಿತಿಯ ಜೊತೆ ಮೊತ್ತದ ಮಿತಿಯನ್ನೂ ಕಟ್ಟಿದೆವು. ಶೇ. 2 ಅಥವಾ 3 ಯೂನಿಟ್, ಯಾವುದು ಕಡಿಮೆಯೋ ಅದು. ಸಣ್ಣ ಬಿಲ್‌ಗಳ ಪುಡಿ ವ್ಯತ್ಯಾಸ ಹಾದುಹೋಗುತ್ತದೆ, ದೊಡ್ಡ ಬಿಲ್‌ನ ಶೇ. 2 ಹಾದುಹೋಗುವುದಿಲ್ಲ. ಯಾವ ಪೂರೈಕೆದಾರರು ಈ ಸಡಿಲಿಕೆಯನ್ನು ಎಷ್ಟು ಸಲ ಬಳಸಿದರು ಅನ್ನುವ ಪಟ್ಟಿ ಪ್ರತಿ ತಿಂಗಳು ಖರೀದಿ ವಿಭಾಗಕ್ಕೆ ಹೋಗುತ್ತದೆ. ಪ್ರತಿ ಬಿಲ್‌ನಲ್ಲೂ ಮಿತಿಯ ಅಂಚಿಗೇ ಬಂದು ನಿಲ್ಲುವವರು ಇದ್ದರೆ ಅದರಲ್ಲಿ ಗೊತ್ತಾಗುತ್ತದೆ.

ಇದೇ ಮಾತಿಗೆ ಸೇರಿದ ಇನ್ನೊಂದು. ಕೈ ತಾಗದೆ ಹೋದ ಬಿಲ್ ಸರಿಯಾಗಿ ಹೋಯಿತು ಅಂತಲೇನೂ ಇಲ್ಲ. ನೇರ ಪಾಸ್ ಆದವುಗಳಲ್ಲಿ 200ನ್ನು ಗುರಿಯಿಲ್ಲದೆ ಆರಿಸಿ ಮೂಲ ಬಿಲ್ ಜೊತೆ ಹೋಲಿಸಿದೆವು. ಮೂರು ತಪ್ಪು ಸಿಕ್ಕವು. ಒಂದರಲ್ಲಿ ಸಾಗಣೆ ವೆಚ್ಚವನ್ನು ಯಂತ್ರ ಸರಕಿನ ಬೆಲೆಗೆ ಸೇರಿಸಿ ಓದಿತ್ತು. ಇನ್ನೊಂದರಲ್ಲಿ ಒಂದೇ ಹೆಸರಿನ ಎರಡು ಸೋದರ ಕಂಪನಿಗಳಲ್ಲಿ ತಪ್ಪು ಕಂಪನಿಯ ಖಾತೆಗೆ ಹೋಗಿತ್ತು. ಮೂರನೆಯದು ಎರಡು ಸಲ ಪಾವತಿಯಾದ ಬಿಲ್: ಒಮ್ಮೆ `INV-0457`, ಇನ್ನೊಮ್ಮೆ `INV0457`. ನಡುವಿನ ಗೆರೆ ಒಂದಿಲ್ಲ ಅನ್ನುವಷ್ಟಕ್ಕೇ ಸಾಫ್ಟ್‌ವೇರ್ ಎರಡನ್ನೂ ಬೇರೆ ಬಿಲ್ ಅಂದುಕೊಂಡಿತ್ತು. ಆ ಆರ್ಡರ್‌ನಲ್ಲಿ ಇನ್ನೂ ಬಿಲ್ ಆಗದ ಸರಕು ಬಾಕಿ ಇದ್ದದ್ದರಿಂದ ತಾಳೆಯೂ ಆಗಿಹೋಯಿತು. ನಂಬರ್ ಹೋಲಿಸುವ ಮುಂಚೆ ಗೆರೆ, ಚುಕ್ಕೆ, ಖಾಲಿ ಜಾಗ ತೆಗೆದುಹಾಕುವಂತೆ ಬದಲಿಸಿದೆವು. 200ರ ತಪಾಸಣೆಯನ್ನು ತಿಂಗಳ ಪದ್ಧತಿ ಮಾಡಿಕೊಂಡರು.

ತಕರಾರು ಹುಟ್ಟುವ ಜಾಗ

ಮುಂದಿನ ಎಂಟು ತಿಂಗಳು ಸಾಫ್ಟ್‌ವೇರ್ ಮೇಲೆ ಹೆಚ್ಚು ಕೆಲಸ ಮಾಡಲಿಲ್ಲ. 6,700 ಬಿಲ್‌ಗಳು ಯಾಕೆ ಸಿಕ್ಕಿಕೊಳ್ಳುತ್ತಿವೆ ಅನ್ನುವುದರ ಹಿಂದೆ ಬಿದ್ದೆವು. ಆ ಕಾರಣಗಳಲ್ಲಿ ಮುಕ್ಕಾಲು ಪಾಲು ಪಾವತಿ ವಿಭಾಗದ ಹೊರಗಿದ್ದವು.

ಬೆಲೆಯ 900 ತಕರಾರುಗಳಲ್ಲಿ 640 ಬಂದದ್ದು ಏಳೇ ಪೂರೈಕೆದಾರರಿಂದ. ಒಪ್ಪಂದ ನವೀಕರಣವಾದಾಗ ಹೊಸ ದರ ಖರೀದಿ ವಿಭಾಗದ ಫೈಲಿನಲ್ಲಿ ಇರುತ್ತಿತ್ತು, ಸಿಸ್ಟಂನ ದರಪಟ್ಟಿಗೆ ಬರಲು ಆರು ವಾರ ಹಿಡಿಯುತ್ತಿತ್ತು. ಆರು ವಾರವೂ ಪ್ರತಿ ಬಿಲ್ ತಕರಾರು. ದರಪಟ್ಟಿ ತಿದ್ದದೆ ಒಪ್ಪಂದಕ್ಕೆ ಕೊನೆಯ ಸಹಿ ಬೀಳಬಾರದು ಅಂತ ನಿಯಮ ಮಾಡಿದರು. ಅಷ್ಟಕ್ಕೇ ಸುಮಾರು 500 ಬಿಲ್ ನೇರವಾದವು.

ಸರಕು ಸ್ವೀಕೃತಿಯ ಕಥೆ ಇದಕ್ಕಿಂತ ಹಟಮಾರಿ. ಒಂದು ಗೋದಾಮಿನಲ್ಲಿ ಬಂದ ಸರಕಿನ ಚೀಟಿಗಳನ್ನು ಒಂದು ತಂತಿಗೆ ಚುಚ್ಚಿಟ್ಟು ವಾರಕ್ಕೊಮ್ಮೆ ಎಂಟ್ರಿ ಹಾಕುತ್ತಿದ್ದರು. ಬಿಲ್ ಮರುದಿನವೇ ಬರುತ್ತಿತ್ತು. ಗೋದಾಮಿನವರನ್ನು ದೂರಿ ಪ್ರಯೋಜನವಿರಲಿಲ್ಲ. ಅವರ ಕೆಲಸವನ್ನು ಅಳೆಯುತ್ತಿದ್ದದ್ದು ಲಾರಿ ಎಷ್ಟು ಬೇಗ ಖಾಲಿ ಮಾಡಿದರು ಅನ್ನುವುದರಿಂದ, ಎಂಟ್ರಿಯಿಂದಲ್ಲ. ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಕೊಟ್ಟು, ಸರಕು ಇಳಿದ ದಿನವೇ ಎಂಟ್ರಿ ಆಯಿತೇ ಅನ್ನುವುದನ್ನೂ ಅವರ ಅಳತೆಗೆ ಸೇರಿಸಿದ ಮೇಲೆ 700 ಬಿಲ್ ನೇರವಾದವು.

ಆರ್ಡರ್ ಇಲ್ಲದ 1,800ರಲ್ಲಿ 1,100 ಪ್ರತಿ ತಿಂಗಳೂ ಬರುವ ಅದದೇ ಬಿಲ್‌ಗಳು. ಫೋನ್, ವಿದ್ಯುತ್ತಿನ 600 ಬಿಡಿ ಬಿಲ್‌ಗಳನ್ನು ಒಟ್ಟುಗೂಡಿಸಿ 40 ಬಿಲ್ ಕೊಡುವಂತೆ ಆ ಸಂಸ್ಥೆಗಳನ್ನು ಕೇಳಿದೆವು, ಒಪ್ಪಿದರು. ಬಾಡಿಗೆಯಂಥವಕ್ಕೆ ವರ್ಷಕ್ಕೊಂದು ಮಿತಿಯ ಆರ್ಡರ್ ಮಾಡಿ, ನಿಗದಿತ ಮೊತ್ತದೊಳಗಿದ್ದರೆ ತಾನಾಗಿ ಪಾಸ್ ಆಗುವಂತೆ ಮಾಡಿದರು. ದೊಡ್ಡ ಪೂರೈಕೆದಾರರಲ್ಲಿ ಕೆಲವರು ಚಿತ್ರದ ರೂಪದ ಬಿಲ್ ಬಿಟ್ಟು ಡೇಟಾ ರೂಪದಲ್ಲೇ ಕಳಿಸಲು ಶುರುಮಾಡಿದ್ದರಿಂದ ಓದುವ ತಪ್ಪುಗಳೂ ಇಳಿದವು. ಆರ್ಡರ್ ನಂಬರ್ ಇಲ್ಲದೆ ಬಿಲ್ ಸಲ್ಲಿಸಲಾಗದಂತೆ ಪೋರ್ಟಲ್ ಬದಲಿಸಿದರು. ವಾಪಸ್ ಹೋಗುವ ಬಿಲ್ 700ರಿಂದ 260ಕ್ಕೆ ಬಂದವು.

ಎರಡೂ ಅಳತೆ ಮತ್ತೆ ಪಕ್ಕಪಕ್ಕ

ಎಂಟು ತಿಂಗಳ ನಂತರ ತಿಂಗಳಿಗೆ ಬರುವ ಬಿಲ್ 9,000. ಒಟ್ಟುಗೂಡಿಸಿದ್ದರಿಂದ 560 ಹೋದವು. ವಾಪಸ್ ಹೋಗಿ ಮತ್ತೆ ಬಂದು ಎರಡು ಸಲ ಎಣಿಕೆಯಾಗುತ್ತಿದ್ದ 440 ಹೋದವು. ನೇರ ಪಾಸ್ 5,400, ಅದೇ ಬಿಗಿಯಾದ ಎಣಿಕೆಯಲ್ಲಿ ಶೇ. 60. ವಿಭಾಗದಲ್ಲಿ 7 ಜನ. ಸಂಬಳ 28,000, ತಂತ್ರಾಂಶ 14,000, ಮೇಲ್ವಿಚಾರಣೆ 5,000. ಒಟ್ಟು 47,000. ಬಿಲ್‌ಗೆ 5.22.

ಈಗ ವಿಚಿತ್ರ ನೋಡಿ. ಒಟ್ಟು ಖರ್ಚು 59,000ದಿಂದ 47,000ಕ್ಕೆ, ಶೇ. 20ರಷ್ಟು ಇಳಿದಿದೆ. ಬಿಲ್‌ಗೆ ತಗಲುವ ಖರ್ಚು 5.9ರಿಂದ 5.22ಕ್ಕೆ, ಶೇ. 11.5 ಮಾತ್ರ. ಯಾಕೆಂದರೆ ನಾವು ಬಿಲ್‌ಗಳನ್ನೇ ಕಡಿಮೆ ಮಾಡಿದೆವು. ತಂತ್ರಾಂಶದ ಬಾಡಿಗೆ, ಮೇಲ್ವಿಚಾರಣೆ ಅಷ್ಟೇ ಇದ್ದು, ಅವನ್ನು ಹಂಚಿಕೊಳ್ಳುವ ಬಿಲ್‌ಗಳು ಕಡಿಮೆಯಾದವು. 600 ಬಿಲ್‌ಗಳನ್ನು 40 ಮಾಡಿದ್ದು ಕಂಪನಿಗೆ ಒಳ್ಳೆಯದೇ, ಆದರೆ ಬಿಲ್‌ಗೆ ತಗಲುವ ಖರ್ಚನ್ನು ಮಾತ್ರ ನೋಡುವವರಿಗೆ ಅದು ತಪ್ಪು ಹೆಜ್ಜೆಯಂತೆ ಕಾಣುತ್ತದೆ. ತಿರುಗಿಸಿ ಹೇಳುವುದಾದರೆ, ಪೂರೈಕೆದಾರರಿಗೆ ಒಂದು ಬಿಲ್ ಬದಲು ಹತ್ತು ಬಿಲ್ ಕಳಿಸಿ ಅಂದರೆ ಈ ಅಂಕಿ ಸೊಗಸಾಗಿ ಇಳಿದೀತು!

ವಿಭಾಗದ ಮೇಲ್ವಿಚಾರಕರಿಗೆ ಇನ್ನೊಂದು ತಲೆನೋವು ಬಂತು. ಮುಂಚೆ ಒಬ್ಬ ಗುಮಾಸ್ತರು ತಿಂಗಳಿಗೆ ಕೈಯಾರೆ ನೋಡುತ್ತಿದ್ದದ್ದು 670 ಬಿಲ್. ಈಗ 514. "ಕೆಲಸ ನಿಧಾನವಾಗಿದೆ" ಅಂತ ಯಾರೋ ಮೇಲಿನವರು ಅಂದರಂತೆ. ನಿಧಾನವಾಗಿರಲಿಲ್ಲ. ಸುಲಭದ ತಕರಾರುಗಳು ಹೋಗಿ ಕಷ್ಟದವು ಉಳಿದಿದ್ದವು. ಕೈ ತಾಗುವ ಬಿಲ್‌ನ ಸರಾಸರಿ ಸಮಯ 12ರಿಂದ ಸುಮಾರು 15.5 ನಿಮಿಷಕ್ಕೆ ಏರಿತ್ತು. ನೇರ ಪಾಸ್ ಏರಿದ ಹಾಗೆ ಈ ಸಂಖ್ಯೆ ಏರಲೇಬೇಕು. ಏರದಿದ್ದರೆ ನನಗೆ ಅನುಮಾನ ಬರುತ್ತಿತ್ತು.

ಕಡಿಮೆಯಾದ ಮೂವರ ಬಗ್ಗೆಯೂ ನೇರವಾಗಿ ಹೇಳಬೇಕು. ಒಬ್ಬರು ನಿವೃತ್ತರಾದರು, ಆ ಜಾಗ ತುಂಬಲಿಲ್ಲ. ಇಬ್ಬರನ್ನು ಪೂರೈಕೆದಾರರ ಖಾತೆ ವಿವರ ಹೋಲಿಸುವ ಕೆಲಸಕ್ಕೆ ಹಾಕಿದರು. ಅವರ ಸಂಬಳ ಬೇರೆ ತಲೆಬರಹದಡಿ ಕಂಪನಿ ಈಗಲೂ ಕೊಡುತ್ತಿದೆ. ಹಾಗಾಗಿ 12,000 ಯೂನಿಟ್ ಇಳಿಕೆಯಲ್ಲಿ ಕೈಗೆ ಸಿಕ್ಕ ಹಣ 4,000, ಉಳಿದ 8,000 ಬಿಡುವಾದ ಸಮಯ. ಮುಖ್ಯಸ್ಥರು ಈ ಎರಡನ್ನೂ ಬೇರೆ ಸಾಲಿನಲ್ಲಿ ಬರೆಯಲು ಹೇಳಿದರು. ಮೊದಲ ಸಾಫ್ಟ್‌ವೇರ್ ಪ್ರಸ್ತಾವದಲ್ಲಿ ಎರಡನ್ನೂ ಒಂದೇ ಉಳಿತಾಯ ಅಂತ ಕೂಡಿಸಿದ್ದರು ಅನ್ನುವುದು ಅವರಿಗೆ ಚೆನ್ನಾಗಿ ನೆನಪಿತ್ತು.

ಈಗ ಅವರ ಮೇಜಿಗೆ ಹೋಗುವುದು ಒಂದೇ ಹಾಳೆ. ಬಂದ ಎಲ್ಲ ಬಿಲ್‌ಗಳ ಮೇಲೆ ಎಣಿಸಿದ ನೇರ ಪಾಸ್, ಒಟ್ಟು ಖರ್ಚು ಮತ್ತು ಬಿಲ್‌ಗೆ ಖರ್ಚು ಪಕ್ಕಪಕ್ಕ, ಪಾವತಿ ವಿಭಾಗದ ಹೊರಗೆ ಹೋದ ನಿಮಿಷಗಳು, 200ರ ತಪಾಸಣೆಯಲ್ಲಿ ಸಿಕ್ಕ ತಪ್ಪು. ಮ್ಯಾನೇಜರ್‌ಗಳ ನಿಮಿಷವನ್ನು ಮೂರು ತಿಂಗಳಿಗೊಮ್ಮೆ ಒಂದು ವಾರ ಮಾತ್ರ ಅಳೆಯುತ್ತಾರೆ. ಪ್ರತಿ ದಿನ ಅಳೆಯಲು ಹೋದರೆ ಅದಕ್ಕೇ ಒಬ್ಬರು ಬೇಕಾಗುತ್ತದೆ.

ಕಳೆದ ಸಲ ಭೇಟಿಯಾದಾಗ ಅವರು ಕೇಳಿದ್ದು, ಶೇ. 60 ಯಾಕೆ 80 ಆಗಬಾರದು ಅಂತ. ಉಳಿದ 3,600 ಬಿಲ್‌ಗಳ ಪಟ್ಟಿ ತೆಗೆದು ತೋರಿಸಿದೆ. ಅದರಲ್ಲಿ ಸುಮಾರು 950 ಸರಕು ಇನ್ನೂ ಎಂಟ್ರಿಯಾಗದವು, ಅರ್ಧಕ್ಕಿಂತ ಜಾಸ್ತಿ ಆ ಒಂದೇ ಗೋದಾಮಿನವು. ಸ್ಕ್ಯಾನರ್ ಇದೆ, ಆದರೆ ಸಂಜೆಯ ಪಾಳಿಯವರು ಇನ್ನೂ ಚೀಟಿಯನ್ನು ತಂತಿಗೆ ಚುಚ್ಚುತ್ತಾರಂತೆ. ಮುಂದಿನ ತಿಂಗಳು ಒಂದು ಸಂಜೆ ಅಲ್ಲಿ ಹೋಗಿ ನಿಂತು ನೋಡಬೇಕು ಅಂತಿದ್ದೇನೆ.